ನಾಲ್ಕಡಿ ನೀರಲ್ಲಿ, ಚೆನ್ನಾಗಿ ಈಜು ಬರುವ ಹುಡುಗ ಪ್ರಜ್ಞೆ ತಪ್ಪಿದ್ದು ಹೇಗೆ?

ಕುಂದವಾಡದ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಿಲ್ಲದೆ ಓದಿ.

ನನ್ನ ಅಕ್ಕನ ಮಗ, 16 ವರ್ಷ, ಈಗ ಪಿಯುಸಿ ಮೊದಲನೇ ವರ್ಷ. ಆರು ವರ್ಷದಿಂದ ಈಜುತ್ತಿದ್ದಾನೆ. ಭದ್ರಾ ನಾಲೆಯಲ್ಲಿ ಕಲಿತವನಲ್ಲ, ದಾವಣಗೆರೆಯಲ್ಲೇ ಒಂದು ಈಜುಕೊಳದಲ್ಲಿ ಕೋಚ್ ಹತ್ತಿರ ಕಲಿತವನು. ಕಳೆದ ಭಾನುವಾರ ಅದೇ ಕೊಳದಲ್ಲಿ ಹುಡುಗರೆಲ್ಲ ಪಂದ್ಯ ಕಟ್ಟಿದ್ದಾರೆ. ತಲೆ ಮೇಲೆತ್ತದೆ, ನೀರೊಳಗೇ ಆ ಕಡೆ ಹೋಗಿ ಈ ಕಡೆ ಬರಬೇಕು. 25 ಮೀಟರ್ ಕೊಳ, ಹೋಗಿ ಬಂದರೆ 50. ಸೋತವನು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಬೇಕು.

ಇವನು ಎರಡು ಸಲ ಪ್ರಯತ್ನಿಸಿದ. ಎರಡು ಸಲವೂ ಆ ತುದಿ ಮುಟ್ಟಿದ ಕೂಡಲೇ ಎದೆ ಉರಿ ತಡೆಯಲಾರದೆ ಎದ್ದ. ಮೂರನೇ ಸಲ ಮುಟ್ಟಿ ತಿರುಗಿ ಅರ್ಧಕ್ಕಿಂತ ಹೆಚ್ಚು ಬಂದ. ಅಲ್ಲಿ ನಿಂತುಬಿಟ್ಟ. ಒದ್ದಾಡಲಿಲ್ಲ, ಕೈ ಎತ್ತಲಿಲ್ಲ, ಕೂಗಲಿಲ್ಲ. ಸುಮ್ನೆ ಬೋರಲಾಗಿ ತಳಕ್ಕೆ ಇಳಿದ. ನೀರು ಅವನ ಎದೆ ಮಟ್ಟಕ್ಕೂ ಬರುವುದಿಲ್ಲ! ನಿಂತಿದ್ದರೆ ಮುಗಿಯುತ್ತಿತ್ತು. ಹುಡುಗರು ನಾಟಕ ಅಂದುಕೊಂಡು ನಗುತ್ತಿದ್ದರು. ಪಕ್ಕದ ಲೇನಿನಲ್ಲಿ ಈಜುತ್ತಿದ್ದ ಒಬ್ಬ ಯಜಮಾನರು ನೋಡಿ ಎತ್ತಿದರು. ಮುಖ ನೀಲಿ. ಹೊರಗೆ ತಂದ ಹತ್ತು ಸೆಕೆಂಡಿಗೆ ತಾನಾಗೇ ಉಸಿರೆಳೆದ. ಈಗ ಆರಾಮಾಗಿದ್ದಾನೆ.

ಮನೆಯಲ್ಲಿ ಒಬ್ಬರು ಫಿಟ್ಸ್ ಅಂತಾರೆ, ಒಬ್ಬರು ತಿಂಡಿ ತಿನ್ನದೆ ಹೋಗಿದ್ದ ಅಂತಾರೆ, ಅಜ್ಜಿ ದೃಷ್ಟಿ ತೆಗೆದಿದ್ದಾರೆ. ಆದರೆ ಅವನು ಹೇಳಿದ ಒಂದು ಮಾತು ನನಗೆ ನಿದ್ದೆ ಕೊಡುತ್ತಿಲ್ಲ. "ಮಾವ, ಆ ಸಲ ಎದೆ ಉರಿಯಲೇ ಇಲ್ಲ. ತುಂಬಾ ಸುಲಭ ಅನ್ನಿಸಿತು. ಆಮೇಲೆ ಕಣ್ಣು ಬಿಟ್ಟರೆ ಎಲ್ಲರೂ ಮೇಲಿಂದ ನನ್ನನ್ನು ನೋಡುತ್ತಿದ್ದರು" ಅಂದ. ಯಾರಿಗಾದರೂ ಗೊತ್ತಾ ಇದೇನು ಅಂತ?

ಮಂಡಕ್ಕಿ ಮಂಜ

ದೇವರು ದೊಡ್ಡವನು. ಆ ಯಜಮಾನರಿಗೆ ಒಂದು ಶಾಲು ಹೊದಿಸಿ ಸರ್.

ಪಂಪ್‌ಸೆಟ್ ರುದ್ರ

ಇದು ವಿಷಗಾಳಿ ಕೆಲಸ. ನಮ್ಮ ಜಗಳೂರು ಕಡೆ ಹಳೇ ಬಾವಿಗೆ ಮೋಟಾರ್ ಎತ್ತಲು ಇಳಿದವರು ಹೀಗೇ ಸದ್ದಿಲ್ಲದೆ ಬೀಳುತ್ತಾರೆ. ಮೊದಲು ದೀಪ ಇಳಿಸಿ ನೋಡಬೇಕು. ಆರಿದರೆ ಇಳಿಯಬಾರದು.

ಕುಂದವಾಡದ ದಂಡೆ

ರುದ್ರಣ್ಣ, ಇದು ಬಾವಿ ಅಲ್ಲ. ಈಜುಕೊಳ. ಮೇಲೆ ಛಾವಣಿ ಕೂಡ ಇಲ್ಲ.

ಪಂಪ್‌ಸೆಟ್ ರುದ್ರ

ಓ, ಪೂರ್ತಿ ಓದಲಿಲ್ಲ. ಆದರೂ ದೀಪದ ಮಾತು ಸುಳ್ಳಲ್ಲ.

ನಾಲೆ ನವೀನ

ಸರ್, ಅವನು ಸರಿಯಾಗಿ ತಯಾರಿ ಮಾಡಿಕೊಂಡಿಲ್ಲ ಅಷ್ಟೆ. ನಾವು ನಾಲೆಯಲ್ಲಿ ಮುಳುಗು ಹಾಕುವ ಮೊದಲು 20 ಸಲ ಜೋರಾಗಿ ಉಸಿರು ಎಳೆದು ಬಿಡುತ್ತೇವೆ. ರಕ್ತದಲ್ಲಿ ಆಕ್ಸಿಜನ್ ತುಂಬಿಕೊಳ್ಳುತ್ತದೆ. ಆಮೇಲೆ ಮುಳುಗಿದರೆ ಎಷ್ಟು ಹೊತ್ತಾದರೂ ಎದೆ ಉರಿಯುವುದಿಲ್ಲ. ನಾನೇ ಹಾಗೆ ಸುಮಾರು ಸಲ ಮಾಡಿದ್ದೇನೆ. ಏನೂ ಆಗಿಲ್ಲ.

ಕುಂದವಾಡದ ದಂಡೆ

ನವೀನ್, ಮಜಾ ಏನು ಗೊತ್ತಾ? ಇವನೂ ಅದನ್ನೇ ಮಾಡಿದ್ದಾನೆ. ಮೂರನೇ ಸಲಕ್ಕೆ ಮುಂಚೆ ಯಾರೋ ಹೇಳಿಕೊಟ್ಟರಂತೆ. ದಂಡೆಯಲ್ಲಿ ಕೂತು 25 ಸಲ ಬುಸಬುಸ ಅಂತ ಉಸಿರಾಡಿ ಇಳಿದನಂತೆ.

ಮುಳುಗುಗಾರ

ಅಲ್ಲಿಗೆ ಉತ್ತರ ಸಿಕ್ಕಿತು ಸರ್. ನಾನು ದಾವಣಗೆರೆಯವನೇ, ಈಗ ಮುರುಡೇಶ್ವರದ ಕಡೆ ಇದ್ದೇನೆ. ಸಿಲಿಂಡರ್ ಇಲ್ಲದೆ ಒಂದೇ ಉಸಿರಲ್ಲಿ ಮುಳುಗುವುದಕ್ಕೆ ಫ್ರೀಡೈವಿಂಗ್ ಅಂತಾರಲ್ಲ, ಅದನ್ನು ಎಂಟು ವರ್ಷದಿಂದ ಮಾಡುತ್ತಿದ್ದೇನೆ. ನಿಮ್ಮ ಹುಡುಗನಿಗೆ ಆಗಿದ್ದನ್ನು ನಾವು ಬ್ಲ್ಯಾಕ್‌ಔಟ್ ಅನ್ನುತ್ತೇವೆ. ಅವನು "ಸುಲಭ ಅನ್ನಿಸಿತು" ಅಂದನಲ್ಲ, ಅದೇ ಕಾಯಿಲೆಯ ಗುರುತು.

ನವೀನ್ ಹೇಳಿದ್ದರಲ್ಲಿ ಅರ್ಧ ನಿಜ. ಎದೆ ಉರಿಯುವುದಿಲ್ಲ ಅನ್ನೋದು ನಿಜ. ಆಕ್ಸಿಜನ್ ತುಂಬಿಕೊಳ್ಳುತ್ತದೆ ಅನ್ನೋದು ಸುಳ್ಳು. ಉಸಿರು ಕಟ್ಟಿದಾಗ ಎದೆ ಉರಿಯುವುದು, ಹೊಟ್ಟೆ ಜಗ್ಗುವುದು ಆಕ್ಸಿಜನ್ ಕಡಿಮೆ ಆಯಿತು ಅಂತ ಅಲ್ಲ. ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡಿತು ಅಂತ. ಮಿದುಳು ನೋಡುವುದು ಬಹುಪಾಲು ಅದನ್ನೇ. ಜೋರಾಗಿ 25 ಸಲ ಉಸಿರು ಬಿಟ್ಟರೆ ಆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಅದು ಮತ್ತೆ ತುಂಬಿ ಗಂಟೆ ಬಾರಿಸುವಷ್ಟರಲ್ಲಿ ಆಕ್ಸಿಜನ್ ಖಾಲಿ.

ಬೈಕಿನ ಪೆಟ್ರೋಲ್ ಮುಳ್ಳನ್ನು ಕೈಯಿಂದ ಎತ್ತಿ ಫುಲ್‌ಗೆ ಇಟ್ಟು ಹಿರಿಯೂರಿಗೆ ಹೊರಟ ಹಾಗೆ. ಟ್ಯಾಂಕಿಗೆ ಒಂದು ತೊಟ್ಟೂ ಬಿದ್ದಿಲ್ಲ.

ನಾಲೆ ನವೀನ

ಅದು ಹೇಗೆ ಸರ್? ಅಷ್ಟು ಗಾಳಿ ಎಳೆದುಕೊಂಡರೆ ಆಕ್ಸಿಜನ್ ಜಾಸ್ತಿ ಆಗಲೇಬೇಕಲ್ವಾ?

ಅರಿವಳಿಕೆ ಅಕ್ಕ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ, ಅರಿವಳಿಕೆ ವೈದ್ಯೆ. ದಿನವೂ ನಾನು ನೋಡುವ ಎರಡು ಅಂಕಿಗಳು ಇವೇ, ಹಾಗಾಗಿ ಬಾಯಿ ಹಾಕುತ್ತೇನೆ.

ನವೀನ್, ಆರೋಗ್ಯವಾಗಿರುವವರ ರಕ್ತ ಸುಮ್ಮನೆ ಕೂತಾಗಲೇ ನೂರಕ್ಕೆ 97–98 ಭಾಗ ಆಕ್ಸಿಜನ್ ಹೊತ್ತುಕೊಂಡಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯುತ್ತೀರಿ? ಜೋರಾಗಿ ಉಸಿರಾಡಿದರೆ ಒಂದೆರಡು ಅಂಕಿ ಏರಬಹುದು. ಶ್ವಾಸಕೋಶದ ಗಾಳಿಯಲ್ಲೂ ಚೂರು ಜಾಸ್ತಿ ಆಗಬಹುದು. ಅಷ್ಟೇ. ಆದರೆ ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 40ರ ಆಸುಪಾಸು ಇರುತ್ತದೆ. ಒಂದು ನಿಮಿಷ ಬುಸಬುಸ ಅಂದರೆ 25ರ ಹತ್ತಿರ ಇಳಿಯಬಹುದು. ತುಟಿ ಜುಮ್ಮೆನ್ನುವುದು, ಬೆರಳು ಮರಗಟ್ಟುವುದು, ತಲೆ ಹಗುರಾಗುವುದು ಅದರಿಂದಲೇ. ಹುಡುಗರು ಅದನ್ನು "ಆಕ್ಸಿಜನ್ ಏರುತ್ತಿದೆ" ಅಂತ ತಿಳಿಯುತ್ತಾರೆ. ಆಗ ಮಿದುಳಿನ ರಕ್ತನಾಳಗಳು ಕುಗ್ಗಿ ಅಲ್ಲಿಗೆ ಹೋಗುವ ರಕ್ತವೇ ಕಡಿಮೆ ಆಗಿರುತ್ತದೆ.

ಕೋವಿಡ್ ಸಮಯದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇದೆ. ಕೂತು ನೋಡಿ.

ಮಲ್ಲಾಡಿಹಳ್ಳಿ ಶಿಷ್ಯ

ಡಾಕ್ಟರಮ್ಮ, ಕ್ಷಮಿಸಿ, ಒಪ್ಪಲು ಆಗುವುದಿಲ್ಲ. ನಾನು ಮಲ್ಲಾಡಿಹಳ್ಳಿಯಲ್ಲಿ ಯೋಗ ಕಲಿತವನು. ಜೋರಾಗಿ ಉಸಿರಾಡುವ ಭಸ್ತ್ರಿಕಾ ಮಾಡಿ, ಉಸಿರು ಕಟ್ಟಿ ಕುಂಭಕ ಹಿಡಿಯುವುದನ್ನು 30 ವರ್ಷದಿಂದ ಮಾಡುತ್ತಿದ್ದೇನೆ, ಒಂದು ದಿನವೂ ತಲೆ ಸುತ್ತಿ ಬಿದ್ದಿಲ್ಲ. ನಮ್ಮ ಹಿರಿಯರು ಹೇಳಿದ್ದನ್ನೆಲ್ಲ ಅಪಾಯ ಅನ್ನುವುದು ಈಗ ಫ್ಯಾಷನ್ ಆಗಿದೆ.

ಮುಳುಗುಗಾರ

ಗುರುಗಳೇ, ಪ್ರಾಣಾಯಾಮ ತಪ್ಪು ಅಂತ ಯಾರೂ ಹೇಳಲಿಲ್ಲ. ನೀವು ಚಾಪೆ ಮೇಲೆ ಕೂತು ಮಾಡುತ್ತೀರಿ. ಅಕಸ್ಮಾತ್ ಪ್ರಜ್ಞೆ ತಪ್ಪಿದರೂ ಪಕ್ಕಕ್ಕೆ ವಾಲುತ್ತೀರಿ, ಮೈ ತಾನಾಗೇ ಉಸಿರೆಳೆಯುತ್ತದೆ, ಎದ್ದು ಕೂರುತ್ತೀರಿ. ನೀರಲ್ಲಿಯೂ ಮೈ ತಾನಾಗೇ ಉಸಿರೆಳೆಯುತ್ತದೆ. ಬರುವುದು ನೀರು. ವ್ಯತ್ಯಾಸ ಇಷ್ಟೇ.

ಮಂಡಕ್ಕಿ ಮಂಜ

ಓದಿ ಮೈ ಜುಮ್ಮಂತು.

ಕುಂದವಾಡದ ದಂಡೆ

ಒಂದು ವಿಷಯ ಹೇಳಲು ಮರೆತೆ. ಹುಡುಗರಲ್ಲೊಬ್ಬ ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಾನೆ. ನನ್ನ ಹತ್ತಿರ ಇದೆ. ಪೂರ್ತಿ ನೋಡುವ ಧೈರ್ಯ ಬಂದಿರಲಿಲ್ಲ.

ಮುಳುಗುಗಾರ

ಆಗುವುದಾದರೆ ನೋಡಿ ಸರ್. ನಾಲ್ಕು ಸಮಯ ಬರೆದುಕೊಳ್ಳಿ. ತಲೆ ನೀರೊಳಗೆ ಹೋದದ್ದು, ಗೋಡೆ ಮುಟ್ಟಿದ್ದು, ಕಾಲು ನಿಂತದ್ದು, ಎತ್ತಿದ್ದು. ಜೊತೆಗೆ ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ ಎಷ್ಟು ಹೊತ್ತು ಬಿಟ್ಟ?

ಸುಮಾ ಹರಿಹರ

ನನ್ನ ಮಗಳೂ ಅದೇ ವಯಸ್ಸು. ಬೇಸಿಗೆ ಶಿಬಿರದಲ್ಲಿ "ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ" ಅಂತ ಕೋಚೇ ಆಟ ಆಡಿಸುತ್ತಾರೆ. ಬಹುಮಾನ ಬೇರೆ. ಈಗ ಏನು ಮಾಡಲಿ?

ನಾಲೆ ನವೀನ

ಮೇಡಂ, ಗಾಬರಿ ಬೇಡ. ಉಸಿರು ಕಟ್ಟುವುದೇ ಅಪಾಯ ಆದರೆ ಜಗತ್ತಿನಲ್ಲಿ ಯಾರೂ ಮಾಡುತ್ತಿರಲಿಲ್ಲ. ಸ್ಟೆಫಾನ್ ಮಿಫ್ಸೂದ್ ಅನ್ನುವ ಫ್ರಾನ್ಸಿನವನು 2009ರಲ್ಲಿ 11 ನಿಮಿಷ 35 ಸೆಕೆಂಡ್ ಉಸಿರು ಕಟ್ಟಿದ್ದಾನೆ. ಶುದ್ಧ ಆಕ್ಸಿಜನ್ ಉಸಿರಾಡಿ 24 ನಿಮಿಷ ದಾಟಿದವರೂ ಇದ್ದಾರೆ. ನಮ್ಮ ಹುಡುಗ ಇಷ್ಟು ಬೇಗ ಬಿದ್ದ ಅಂದರೆ ಅವನಿಗೆ ಬೇರೆ ಏನೋ ತೊಂದರೆ ಇದೆ.

ಕುಂದವಾಡದ ದಂಡೆ

ನೋಡಿದೆ. ಕೈ ನಡುಗುತ್ತಿದೆ, ತಪ್ಪಿದ್ದರೆ ಕ್ಷಮಿಸಿ.

ಗೋಡೆ ಮುಟ್ಟಿದ್ದು 39 ಸೆಕೆಂಡಿಗೆ. ಅಲ್ಲಿ ತಲೆ ಎತ್ತುವ ಯೋಚನೆಯೇ ಮಾಡಿಲ್ಲ, ನೇರ ತಿರುಗಿದ್ದಾನೆ. ಸುಮಾರು 55 ಸೆಕೆಂಡಿಗೆ ಕೈ ಬೀಸುವುದು ನಿಧಾನ ಆಗುತ್ತದೆ. 1 ನಿಮಿಷ 8 ಸೆಕೆಂಡಿಗೆ ಕಾಲು ನಿಂತಿದೆ. ಆಗ ಸಣ್ಣಗೆ ಒಂದು ಸಲ ಭುಜ ಅದುರುತ್ತದೆ, ಬಾಯಿಂದ ಒಂದಿಷ್ಟು ಗುಳ್ಳೆ ಬರುತ್ತದೆ. ಹುಡುಗರು "ಲೋ, ಸಾಕು ಏಳೋ" ಅಂತ ನಗುವುದು ಕೇಳಿಸುತ್ತದೆ. ಎತ್ತಿದ್ದು 1 ನಿಮಿಷ 31ಕ್ಕೆ. ನಡುವೆ 23 ಸೆಕೆಂಡ್. ಎರಡನೇ ಸಲ ಎದ್ದ ಮೇಲೆ ಎರಡು ನಿಮಿಷವೂ ಬಿಟ್ಟಿಲ್ಲವಂತೆ, ಅದರಲ್ಲೇ ಆ 25 ಉಸಿರು.

ನವೀನ್ ಹೇಳಿದ ಹಾಗೆ ನನಗೂ ಅನುಮಾನ. ಇವನು ಮನೆಯಲ್ಲಿ ಟಿವಿ ಮುಂದೆ ಕೂತು 1 ನಿಮಿಷ 40 ಸೆಕೆಂಡ್ ಉಸಿರು ಹಿಡಿಯುತ್ತಾನೆ. ಹಾಗಿದ್ದರೆ 1:08ಕ್ಕೇ ಯಾಕೆ?

ಮುಳುಗುಗಾರ

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು ಸರ್. ಒಂದೊಂದಾಗಿ ನೋಡೋಣ.

ದೊಡ್ಡವರ ಮೈಯಲ್ಲಿ, ಎದೆ ತುಂಬ ಗಾಳಿ ಎಳೆದಾಗ, ರಕ್ತ ಶ್ವಾಸಕೋಶ ಎಲ್ಲ ಸೇರಿ ಹೆಚ್ಚೆಂದರೆ ಎರಡು ಲೀಟರ್ ಆಸುಪಾಸು ಆಕ್ಸಿಜನ್ ಇರುತ್ತದೆ. ಅದರಲ್ಲೂ ಕೊನೆಯ ಪಾಲು ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿಗೆ ಮುಟ್ಟುವ ಮುಂಚೆಯೇ ಮಿದುಳು ಕೈಬಿಡುತ್ತದೆ. ಸೋಫಾದಲ್ಲಿ ಕೂತಾಗ ನಿಮಿಷಕ್ಕೆ ಕಾಲು ಲೀಟರ್ ಖರ್ಚು. ನೀರೊಳಗೆ ಕೈಕಾಲು ಬಡಿದು ಹೋಗುವಾಗ ಅದರ ನಾಲ್ಕು ಪಟ್ಟು ಅಂದುಕೊಳ್ಳಿ. ಟಿವಿ ಮುಂದಿನ 1:40ನ್ನು ಈಜಿನ 1:08ಕ್ಕೆ ಹೋಲಿಸಲೇಬಾರದು. ಈಜಿನಲ್ಲಿ ಇವನು ಖರ್ಚು ಮಾಡಿದ್ದೇ ಜಾಸ್ತಿ. ಮಿಫ್ಸೂದ್ ವಿಷಯವೂ ಅದೇ ನವೀನ್. ಆತ ಅಲ್ಲಾಡದೆ ತೇಲುತ್ತಿದ್ದ. ಪಕ್ಕದಲ್ಲಿ ಕಾಯುವವರಿದ್ದರು.

ಈಗ ಮೊದಲಿನ ಎರಡು ಸಲ ನೆನಪಿಸಿಕೊಳ್ಳಿ. 25 ಮೀಟರ್ ಮುಟ್ಟುವಷ್ಟರಲ್ಲಿ ಎದೆ ಉರಿದು ಎದ್ದ. ಅಂದರೆ ಗಂಟೆ ಸರಿಯಾಗಿ ಬಾರಿಸಿತು. ಆಗ ಆಕ್ಸಿಜನ್ ಇನ್ನೂ ಬೇಕಾದಷ್ಟಿತ್ತು. ಮೂರನೇ ಸಲ ಗಂಟೆಯನ್ನೇ ಬಿಚ್ಚಿಟ್ಟು ಹೋದ. 39 ಸೆಕೆಂಡಿಗೆ ಗೋಡೆ ಮುಟ್ಟಿದಾಗ ಏನೂ ಅನ್ನಿಸಲಿಲ್ಲ. 55ಕ್ಕೆ ಕೈ ನಿಧಾನ ಆಯಿತಲ್ಲ, ಅಲ್ಲಿ ಮಿದುಳಿಗೆ ಆಗಲೇ ಕಡಿಮೆ ಬೀಳುತ್ತಿತ್ತು. ಆದರೆ ಅದನ್ನು ಗಮನಿಸಬೇಕಾದ್ದೂ ಅದೇ ಮಿದುಳು. ಹಾಗಾಗಿ ಅವನಿಗೆ ಗೊತ್ತಾಗಲಿಲ್ಲ. ಜೊತೆಗೆ ಹಿಂದಿನ ಎರಡು ಸುತ್ತಿನ ದಣಿವು ಆರಿರಲಿಲ್ಲ.

ಭುಜ ಅದುರಿದ್ದನ್ನು ನೋಡಿಯೇ ಮನೆಯವರು ಫಿಟ್ಸ್ ಅಂದಿರಬೇಕು. ಆಕ್ಸಿಜನ್ ಕಡಿಮೆಯಾದಾಗ ಮೈ ಹಾಗೆ ಅದುರುತ್ತದೆ. ನಾವು ಅದನ್ನು "ಸಾಂಬಾ" ಅಂತ ಕರೆಯುತ್ತೇವೆ, ಕುಣಿತದ ಹೆಸರು.

ಅರಿವಳಿಕೆ ಅಕ್ಕ

ಮುಳುಗುಗಾರರು ಹೇಳಿದ ಲೆಕ್ಕ ಸರಿಯಾಗಿದೆ. ಇದು ಹೊಸ ವಿಷಯವೂ ಅಲ್ಲ. ಆಲ್ಬರ್ಟ್ ಕ್ರೇಗ್ ಅನ್ನುವ ಅಮೆರಿಕದ ವೈದ್ಯ 1961ರಲ್ಲೇ, ನೀರೊಳಗೆ ಈಜುತ್ತಾ ಪ್ರಜ್ಞೆ ತಪ್ಪಿದವರ ಬಗ್ಗೆ ಬರೆದಿದ್ದಾರೆ. ಜೋರಾಗಿ ಉಸಿರಾಡಿ ಇಳಿಯುವುದೇ ಅಲ್ಲೂ ಮುಖ್ಯ ಕಾರಣ.

ಆದರೆ ನಾನು ಒಂದು ಕಡೆ ಅವರನ್ನು ತಡೆಯುತ್ತೇನೆ. ವಿಡಿಯೊ ನೋಡದೆಯೇ "ಇದೇ" ಅಂತ ಮುಗಿಸಬೇಡಿ. ನೀರಲ್ಲಿ ಪ್ರಜ್ಞೆ ತಪ್ಪಿದ ಹದಿಹರೆಯದವರಿಗೆ ಒಂದು ಇಸಿಜಿ ಆಗಲೇಬೇಕು. ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ಹುಟ್ಟಿನಿಂದ ಬರುವ ಒಂದು ತೊಂದರೆ ಇದೆ, ಅದು ಕೆಲವರಲ್ಲಿ ಈಜುವಾಗಲೇ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ, ಅದನ್ನೂ ಕೇಳಿ.

ಕುಂದವಾಡದ ದಂಡೆ

ಅಕ್ಕ, ಹುಡುಗನ ಅಪ್ಪನ ಕಡೆ ಒಬ್ಬ ಚಿಕ್ಕಪ್ಪ 28ಕ್ಕೇ ಹೋದರು. ಮಲಗಿದವರು ಏಳಲಿಲ್ಲ. ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ಹಳೇ ಬಾವಿ ಹನುಮಂತಪ್ಪ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನಗೀಗ 63. ಹಿರಿಯೂರು ತಾಲ್ಲೂಕು. ನಾವೆಲ್ಲ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲೇ ಈಜು ಕಲಿತವರು. ನಮ್ಮ ತೋಟದ ಮೆಟ್ಟಿಲು ಬಾವಿಯಲ್ಲಿ ಬೇಸಿಗೆಯಲ್ಲೂ 30 ಅಡಿ ನೀರು. ಬಿಳಿ ಕಲ್ಲು ಎಸೆಯುವುದು, ಮುಳುಗಿ ತರುವುದು. ಅದೇ ಆಟ.

1977 ಇರಬೇಕು. ನನ್ನ ಜೊತೆಯವನೊಬ್ಬ, ನಮ್ಮೆಲ್ಲರಿಗಿಂತ ಗಟ್ಟಿ ಈಜುಗಾರ, ಕಲ್ಲು ತೆಗೆದುಕೊಂಡು ಮೇಲೆ ಬರುತ್ತಿದ್ದ. ನೀರು ತಿಳಿಯಾಗಿತ್ತು, ಕೈಯಲ್ಲಿ ಕಲ್ಲು ಕಾಣುತ್ತಿತ್ತು. ಒಂದು ಮಾರು ಇದ್ದಾಗ ಕಲ್ಲು ಕೈಯಿಂದ ಜಾರಿತು. ಅವನೂ ಅದರ ಹಿಂದೆಯೇ ವಾಪಸ್ ಹೋದ. ಕಲ್ಲು ಹಿಡಿಯಲು ಹೋದ ಅಂತ ನಾವು ಮೆಟ್ಟಿಲ ಮೇಲೆ ಕೂತು ನಕ್ಕೆವು. ಬಾವಿ ಗಂಗಮ್ಮ ಬಲಿ ತಗೊಂಡಳು ಅಂದರು ಊರಲ್ಲಿ. ಆಮೇಲೆ ಆ ಬಾವಿಗೆ ಯಾರೂ ಇಳಿಯಲಿಲ್ಲ.

ತಳದಲ್ಲಿ ಏನೂ ಆಗದವನಿಗೆ, ಮೇಲೆ ಬಂದ ಮೇಲೆ ಹಾಗೆ ಆಗಿದ್ದು ಯಾಕೆ ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ. ಮುಳುಗುಗಾರರೇ, ಇದೂ ಅದೇನಾ?

ಮುಳುಗುಗಾರ

ಅಪ್ಪಾಜಿ, ನೋಡದೆ ಖಡಾಖಂಡಿತ ಹೇಳಲಾರೆ. ಆದರೆ ನೀವು ಹೇಳಿದ ಜಾಗ, ಆ ಒಂದು ಮಾರು, ಅದು ನಮಗೆಲ್ಲ ತುಂಬಾ ಗೊತ್ತಿರುವ ಜಾಗ. ಆಳಕ್ಕೆ ಹೋದವರು ಬಹುಪಾಲು ಪ್ರಜ್ಞೆ ತಪ್ಪುವುದು ತಳದಲ್ಲಲ್ಲ, ಮೇಲೆ ಬರುವಾಗ, ಕೊನೆಯ ಹತ್ತು ಮೀಟರಿನಲ್ಲಿ. ಎಷ್ಟೋ ಸಲ ತಲೆ ಹೊರಗೆ ಬಂದ ಮೇಲೆ.

ಕಾರಣ ನೀರಿನ ಒತ್ತಡ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು. ನಿಮ್ಮ 30 ಅಡಿ ಅಂದರೆ ಹೆಚ್ಚುಕಡಿಮೆ ಅಷ್ಟೇ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಕ್ಸಿಜನ್. ತಳದಲ್ಲಿ ಕಲ್ಲು ಹುಡುಕುವಷ್ಟರಲ್ಲಿ ಅವನ ಎದೆಯೊಳಗಿನ ಗಾಳಿಯಲ್ಲಿ ಅದು 7 ಭಾಗಕ್ಕೆ ಇಳಿದಿತ್ತು ಅಂದುಕೊಳ್ಳಿ. ಅಲ್ಲಿ ಒತ್ತಡ ಎರಡು ಪಟ್ಟು ಇರುವುದರಿಂದ ರಕ್ತಕ್ಕೆ ಅದು 14 ಭಾಗ ಇದ್ದ ಹಾಗೆ ಸಿಗುತ್ತದೆ. ಏನೂ ತೊಂದರೆ ಇಲ್ಲ, ಮೈ ಆರಾಮ. ಮೇಲೆ ಬರುತ್ತಾ ಬರುತ್ತಾ ಒತ್ತಡ ಅರ್ಧ ಆಗುತ್ತದೆ. ಅದೇ 7 ಈಗ ನಿಜವಾಗಿಯೂ 7, ಬರುವ ದಾರಿಯಲ್ಲಿ ಖರ್ಚಾಗಿ ಇನ್ನೂ ಕಡಿಮೆ. ಒಂದು ಹಂತದಲ್ಲಿ ಎದೆಯ ಗಾಳಿ ರಕ್ತಕ್ಕೆ ಕೊಡುವ ಬದಲು ರಕ್ತದಿಂದಲೇ ವಾಪಸ್ ಎಳೆಯುತ್ತದೆ. ಇದ್ದ ಒತ್ತಡದ ಲೆಕ್ಕಕ್ಕೆ ನೋಡಿದರೆ ಅದು ಅತಿ ಬೇಗ ಇಳಿಯುವುದು ಕೊನೆಯ ಕೆಲವು ಮೀಟರುಗಳಲ್ಲಿ. ದೀಪ ಆರುವುದು ಅಲ್ಲೇ.

ಅವನಿಗೆ ತಳದಲ್ಲಿ ಸಾಕಷ್ಟಿದೆ ಅನ್ನಿಸಿದ್ದು ಸುಳ್ಳಲ್ಲ. ಅಲ್ಲಿ ಸಾಕಷ್ಟಿತ್ತು.

ಹಳೇ ಬಾವಿ ಹನುಮಂತಪ್ಪ

ಆಯ್ತಪ್ಪ.

ಮಂಡಕ್ಕಿ ಮಂಜ

ಹನುಮಂತಪ್ಪನೋರೇ, ಹಿರಿಯೂರು ಅಂದ್ರಲ್ಲ, ಮಾರಿಕಣಿವೆ ಕೋಡಿ ಬಿದ್ದಾಗ ನಾವು ಬಂದಿದ್ವಿ. ಎಂಥ ಜನ! 90 ವರ್ಷ ಆದಮೇಲೆ ಬಿತ್ತಂತೆ.

ಪಂಪ್‌ಸೆಟ್ ರುದ್ರ

90 ಅಲ್ಲ, 89. ಹಿಂದೆ ಬಿದ್ದಿದ್ದು 1933ರಲ್ಲಿ, ಆಮೇಲೆ 2022ರಲ್ಲಿ. 2025ರ ಜನವರಿಯಲ್ಲೂ ಬಿತ್ತು. ಆಗಲೂ ಹುಡುಗರು ಕೋಡಿ ಹತ್ತಿರ ಧುಮುಕುವುದಕ್ಕೆ ಹೋಗಿ ಪೊಲೀಸರ ಹತ್ತಿರ ಬೈಸಿಕೊಂಡರು.

ನಾಲೆ ನವೀನ

ಹಾಗಿದ್ದರೆ ನಾಲ್ಕಡಿ ಕೊಳದಲ್ಲಿ ಒತ್ತಡದ ಮಾತೇ ಬರುವುದಿಲ್ಲವಲ್ಲ. ಎರಡಕ್ಕೂ ಒಂದೇ ಹೆಸರು ಯಾಕೆ?

ಮುಳುಗುಗಾರ

ಒಳ್ಳೆ ಪ್ರಶ್ನೆ. ಹೆಸರಲ್ಲಿ ಗೊಂದಲ ಇರುವುದು ನಿಜ. ಕೊಳದಲ್ಲಿ ಬುಸಬುಸ ಮಾಡಿ ಬೀಳುವುದನ್ನೂ, ಆಳದಿಂದ ಬರುವಾಗ ಬೀಳುವುದನ್ನೂ ಜನ ಶಾಲೋ ವಾಟರ್ ಬ್ಲ್ಯಾಕ್‌ಔಟ್ ಅಂತಲೇ ಕರೆಯುತ್ತಾರೆ. ಎರಡರಲ್ಲೂ ಕೊನೆಗೆ ಆಗುವುದು ಒಂದೇ, ಮಿದುಳಿಗೆ ಆಕ್ಸಿಜನ್ ಸಾಲುವುದಿಲ್ಲ. ಬುಸಬುಸ ಮಾಡಿ ಆಳಕ್ಕೂ ಹೋದರೆ ಎರಡೂ ಸೇರಿಕೊಳ್ಳುತ್ತವೆ.

ಮಲ್ಲಾಡಿಹಳ್ಳಿ ಶಿಷ್ಯ

ಡಾಕ್ಟರಮ್ಮ ಹೇಳಿದ್ದನ್ನು ಪರೀಕ್ಷೆ ಮಾಡಿಯೇ ಬಿಟ್ಟೆ. ಚಾಪೆ ಮೇಲೆ ಕೂತು, ಪಕ್ಕದಲ್ಲಿ ಮನೆಯವಳನ್ನು ಕೂರಿಸಿಕೊಂಡು. ಶುರುವಿನಲ್ಲಿ ಆಕ್ಸಿಮೀಟರ್ 98. ಭಸ್ತ್ರಿಕಾ ಆದಮೇಲೆ 99. ಅಂದರೆ ಏರಿದ್ದು ಒಂದೇ ಒಂದು. ಇದು ನನಗೆ ಸ್ವಲ್ಪ ಆಶ್ಚರ್ಯವೇ.

ಆಮೇಲೆ 1 ನಿಮಿಷ 50 ಸೆಕೆಂಡ್ ಕುಂಭಕ. ಒಂದೂವರೆ ನಿಮಿಷದವರೆಗೂ 97ಕ್ಕಿಂತ ಇಳಿಯಲಿಲ್ಲ. ನಾನು ಉಸಿರು ಬಿಟ್ಟು, ಮತ್ತೆ ಎಳೆದುಕೊಂಡು, ನೀರು ಕುಡಿಯೋಣ ಅಂತ ಲೋಟ ತೆಗೆದುಕೊಂಡಾಗ 91 ತೋರಿಸಿತು! ಉಸಿರಾಡಲು ಶುರು ಮಾಡಿದ ಮೇಲೆ ಇಳಿಯುವುದು ಹೇಗೆ? ಯಂತ್ರ ಕೆಟ್ಟಿದೆಯಾ?

ಅರಿವಳಿಕೆ ಅಕ್ಕ

ಯಂತ್ರ ಚೆನ್ನಾಗಿದೆ ಗುರುಗಳೇ. ಎದೆಯಲ್ಲಿ ಆದದ್ದು ಬೆರಳ ತುದಿಗೆ ಮುಟ್ಟಲು ಸಮಯ ಬೇಕು. ನೀವು ನೋಡಿದ 91 ಕೆಲವು ಸೆಕೆಂಡ್ ಹಳೆಯ ರಕ್ತದ ಸುದ್ದಿ.

ಇದರಲ್ಲೇ ಇನ್ನೊಂದು ವಿಷಯ ಇದೆ ನೋಡಿ. ಮುಳುಗಿದವನು ಮೇಲೆ ಬಂದು ಮೊದಲ ಉಸಿರು ಎಳೆದ ಕೂಡಲೇ ಆ ಆಕ್ಸಿಜನ್ ಮಿದುಳಿಗೆ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಹಳೇ ರಕ್ತವೇ ಓಡುತ್ತಿರುತ್ತದೆ. ನಕ್ಕು, ಕೈ ಬೀಸಿ, ಆಮೇಲೆ ಮುಳುಗಿದವರು ಇದ್ದಾರೆ.

ಮುಳುಗುಗಾರ

ಅದಕ್ಕೇ ನಮ್ಮಲ್ಲಿ ಜೊತೆಗಾರನ ಕೆಲಸ ತಲೆ ಹೊರಗೆ ಬಂದಾಗ ಮುಗಿಯುವುದಿಲ್ಲ. ಆಮೇಲೂ 30 ಸೆಕೆಂಡ್ ಅವನ ಮುಖ ನೋಡುತ್ತಲೇ ಇರಬೇಕು. ಸ್ಪರ್ಧೆಗಳಲ್ಲೂ ಮೇಲೆ ಬಂದವನು 15 ಸೆಕೆಂಡಿನೊಳಗೆ ಕನ್ನಡಕ ತೆಗೆದು, ಕೈಸನ್ನೆ ಮಾಡಿ, "ಐ ಆಮ್ ಓಕೆ" ಅಂತ ಬಾಯಿಬಿಟ್ಟು ಹೇಳಬೇಕು. ಅಷ್ಟೂ ಹೊತ್ತು ನ್ಯಾಯಾಧೀಶರು ದಿಟ್ಟಿಸಿ ನೋಡುತ್ತಾರೆ. ದೊಡ್ಡ ದೊಡ್ಡ ಹೆಸರಿನವರೂ ಅಲ್ಲಿ ಪ್ರಜ್ಞೆ ತಪ್ಪುತ್ತಾರೆ. ಪಕ್ಕದವರು ಹಿಡಿಯುತ್ತಾರೆ, ಮುಖದ ಮೇಲೆ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆಯುತ್ತಾರೆ. ಬಹಳ ಜನ ಅಷ್ಟಕ್ಕೇ ಕಣ್ಣು ಬಿಡುತ್ತಾರೆ.

ಸುಮಾ ಹರಿಹರ

ಅಕ್ಕ, ಅಷ್ಟಕ್ಕೆ ಏಳದಿದ್ದರೆ? ನಮ್ಮ ತುಂಗಭದ್ರಾ ದಂಡೆಯಲ್ಲಿ ಯಾರನ್ನಾದರೂ ಎತ್ತಿದರೆ ಮೊದಲು ಬೋರಲು ಹಾಕಿ ಹೊಟ್ಟೆ ಒತ್ತುತ್ತಾರೆ. ಹಿಂದೆ ಗಾಡಿ ಚಕ್ರದ ಮೇಲೆ ಹಾಕಿ ತಿರುಗಿಸುತ್ತಿದ್ದರಂತೆ.

ಅರಿವಳಿಕೆ ಅಕ್ಕ

ಬೇಡ ಸುಮಾ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯಲ್ಲಿದ್ದದ್ದು, ಅದೇ ಶ್ವಾಸಕೋಶಕ್ಕೆ ಇಳಿಯಬಹುದು. ಆ ಸಮಯವೂ ಹೋಯಿತು. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ, ಗದ್ದ ಎತ್ತಿ. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಗಾಳಿ ಊದಿ. ಮೊದಲಿಗೆ ಎರಡು ಸಲ ಅಂತ ಕೆಲವರು ಕಲಿಸುತ್ತಾರೆ, ಐದು ಅಂತ ಕೆಲವರು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಊದಿ. ಆಮೇಲೂ ಮಿಸುಕಾಟ ಇಲ್ಲ ಅಂದರೆ ಎದೆ ಒತ್ತುವುದು, 30 ಒತ್ತಿಗೆ ಎರಡು ಉಸಿರು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮುಳುಗಿದವರಿಗೆ ಬೇಕಾದದ್ದೇ ಗಾಳಿ, ಬರೀ ಎದೆ ಒತ್ತಿದರೆ ಸಾಲದು.

ಎದ್ದು ಕೂತು ಮಾತಾಡಿದರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ವಲ್ಪ ನೀರು ಒಳಗೆ ಹೋಗಿದ್ದರೂ ಕೆಲವು ಗಂಟೆಗಳ ಮೇಲೆ ಕೆಮ್ಮು, ಏದುಸಿರು ಶುರು ಆಗಬಹುದು.

ನಾಲೆ ನವೀನ

ಸರಿ, 20 ಸಲ ತಪ್ಪು. ಐದು ಸಲ ದೀರ್ಘವಾಗಿ ಎಳೆದುಕೊಂಡರೆ? ಅದೂ ತಪ್ಪಾ? ಎಲ್ಲಿ ಗೆರೆ ಎಳೆಯುತ್ತೀರಿ?

ಮುಳುಗುಗಾರ

ಇದರ ಬಗ್ಗೆ ಫ್ರೀಡೈವರ್‌ಗಳಲ್ಲೇ ಜಗಳ ಇದೆ ನವೀನ್. ಹಿಂದೆ ಕಲಿತವರು ನಾಲ್ಕೈದು ದೊಡ್ಡ ಉಸಿರು ಸರಿ ಅಂತಾರೆ. ನನಗೆ ಕಲಿಸಿದವರು ಒಂದೇ ಅಂದರು. ಎರಡು ಮೂರು ನಿಮಿಷ ಮಾಮೂಲಿ ಹಾಗೆ, ಬಸ್ಸಿಗೆ ಕಾಯುವಾಗ ಉಸಿರಾಡುತ್ತೀವಲ್ಲ ಹಾಗೆ ಉಸಿರಾಡಿ, ಕೊನೆಗೆ ಒಂದು ತುಂಬು ಉಸಿರು, ಮುಳುಗು. ನಾನು ಅದನ್ನೇ ಮಾಡುತ್ತೇನೆ. ತುಟಿ ಜುಮ್ಮೆಂದರೆ ಆ ಮುಳುಗು ರದ್ದು.

ಎರಡು ಮುಳುಗಿನ ನಡುವೆ, ನೀರೊಳಗೆ ಇದ್ದದ್ದರ ಕನಿಷ್ಠ ಎರಡು ಪಟ್ಟು ಹೊತ್ತು ಮೇಲೆ ಇರುತ್ತೇನೆ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ, ಅವನನ್ನೇ ನೋಡುತ್ತಾ. ಮೊಬೈಲ್ ನೋಡುತ್ತಾ ಅಲ್ಲ. ಇಬ್ಬರೂ ಒಟ್ಟಿಗೆ ಮುಳುಗಿದರೆ ಜೊತೆಗಾರ ಇದ್ದೂ ಇಲ್ಲದ ಹಾಗೆ.

ಆದರೆ ನಾಲೆಯಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಕೆಂಪು ನೀರು, ಸೆಳೆತ. ಅಲ್ಲಿ ಬಿದ್ದವನು ಕಾಣುವುದೇ ಇಲ್ಲ.

ನಾಲೆ ನವೀನ

ನಾಲೆಯಲ್ಲಿ ನಾವು ಐದಾರು ಜನ ಇರುತ್ತೇವೆ ಸರ್.

ಮುಳುಗುಗಾರ

ಆ ಕೊಳದಲ್ಲಿ ಎಷ್ಟು ಜನ ಹುಡುಗರಿದ್ದರು?

ಕುಂದವಾಡದ ದಂಡೆ

ಏಳು.

ಸುಮಾ ಹರಿಹರ

ಕೋಚ್ ಜೊತೆ ಮಾತಾಡಿದೆ. "ಮೇಡಂ, 20 ವರ್ಷದಿಂದ ಆಡಿಸುತ್ತಿದ್ದೇವೆ" ಅಂದರು. ಮಗಳನ್ನು ಆ ಆಟಕ್ಕೆ ಬಿಡುವುದಿಲ್ಲ ಅಂತ ಹೇಳಿ ಬಂದೆ. ಈಗ ಮಗಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.

ಮಲ್ಲಾಡಿಹಳ್ಳಿ ಶಿಷ್ಯ

ನಿಷೇಧ ಮಾಡಿದರೆ ಮಕ್ಕಳು ಕದ್ದು ಆಡುತ್ತಾರೆ ತಾಯಿ. ಗೋಡೆ ಹಿಡಿದುಕೊಂಡು, ಬುಸಬುಸ ಇಲ್ಲದೆ, ಪಕ್ಕದಲ್ಲಿ ಒಬ್ಬರು ನಿಂತು ಆಡಿಸಿದರೆ ಆಗದೇ?

ಅರಿವಳಿಕೆ ಅಕ್ಕ

ನಾನಂತೂ ಮಕ್ಕಳಿಗೆ ಬೇಡ ಅಂತಲೇ ಹೇಳುತ್ತೇನೆ. ಪಂದ್ಯ ಅಂದ ಮೇಲೆ ಬುಸಬುಸ ಬಂದೇ ಬರುತ್ತದೆ.

ಮುಳುಗುಗಾರ

ನಾನು ಗುರುಗಳ ಕಡೆ. ಗೊತ್ತಿಲ್ಲದೆ ಮಾಡುವುದಕ್ಕಿಂತ ಗೊತ್ತಿದ್ದವರ ಮುಂದೆ ಮಾಡಲಿ. ಅಕ್ಕ ಒಪ್ಪುವುದಿಲ್ಲ ಅಂತ ಗೊತ್ತು.

ಕುಂದವಾಡದ ದಂಡೆ

ಇಸಿಜಿ ಆಯಿತು. "ಮೇಲ್ನೋಟಕ್ಕೆ ಸರಿ ಇದೆ, ಆದರೆ ಚಿಕ್ಕಪ್ಪನ ವಿಷಯ ಹೇಳಿದ್ದು ಒಳ್ಳೆಯದಾಯಿತು, ಹೃದಯದ ತಜ್ಞರು ಒಂದು ಸಲ ನೋಡಲಿ" ಅಂದಿದ್ದಾರೆ. ಮುಂದಿನ ವಾರಕ್ಕೆ ಸಮಯ ಸಿಕ್ಕಿದೆ. ಅಲ್ಲಿವರೆಗೆ ನೀರಿಗೆ ಇಳಿಯುವ ಹಾಗಿಲ್ಲ.

ಕೊಳದವರು ಹೊಸ ಬೋರ್ಡ್ ಹಾಕಿದ್ದಾರೆ. "ಗುಟ್ಕಾ ಉಗುಳಬಾರದು" ಅನ್ನೋದರ ಕೆಳಗೆ "ಉಸಿರು ಕಟ್ಟಿ ಈಜಬಾರದು" ಅಂತ ಬರೆಸಿದ್ದಾರೆ. ಬುಸಬುಸ ಬಗ್ಗೆ ಒಂದಕ್ಷರ ಇಲ್ಲ. ಹೇಳಿ ಬಂದಿದ್ದೇನೆ.

ನಿನ್ನೆ ರಾತ್ರಿ ಆ ವಿಡಿಯೊವನ್ನು ಅವನಿಗೂ ತೋರಿಸಿದೆ. ಗೋಡೆ ಮುಟ್ಟಿ ತಿರುಗುವವರೆಗೂ ನಗುತ್ತಾ ನೋಡಿದ. ಆಮೇಲೆ ಸುಮ್ಮನಾದ. ಕಾಲು ನಿಂತ ಜಾಗದಲ್ಲಿ ನಿಲ್ಲಿಸಿ, "ಮಾವ, ಇಲ್ಲಿ ನಾನಿನ್ನೂ ಈಜುತ್ತಿದ್ದೆ" ಅಂದ. ಅವನಿಗೆ ನೆನಪಿರುವುದು ಹಾಗೆ.

ಮಂಡಕ್ಕಿ ಮಂಜ

ಯಜಮಾನರಿಗೆ ಶಾಲು?

ಕುಂದವಾಡದ ದಂಡೆ

ಹೊದಿಸಿದೆ ಮಂಜಣ್ಣ. ಬೆಣ್ಣೆ ದೋಸೆನೂ ಕೊಡಿಸಿದೆ. ಅವರು ನಿವೃತ್ತ ಕಂಡಕ್ಟರ್. "ಕಾಲು ಎಣಿಸುವ ಚಟ ನನಗೆ, ನಿಂತದ್ದು ಕಂಡಿತು" ಅಂದರು.